ಸ್ನಾನದ ಮನೆ, ವಾಷಿಂಗ್ ಮಷಿನ್‌ಗಳ ನೀರನ್ನು ಗಿಡದ ಪಾತಿಗೆ ಹಾಯಿಸುವ ಬಗೆ

ಸ್ನಾನ ಮಾಡಿದ ನೀರು, ಕೈ ತೊಳೆದ ನೀರು ಮತ್ತು ಬಟ್ಟೆ ಒಗೆದ ನೀರನ್ನು ಬೂದು ನೀರು ಎಂದು ಕರೆಯುತ್ತಾರೆ. ಶೌಚದ ನೀರು ಇದರಲ್ಲಿ ಸೇರುವುದಿಲ್ಲ. ಅಡುಗೆಮನೆಯ ಸಿಂಕಿನ ನೀರನ್ನೂ ಇಲ್ಲಿ ಹೊರಗಿಡುತ್ತೇನೆ, ಏಕೆಂದರೆ ಅದರಲ್ಲಿರುವ ಜಿಡ್ಡು ಮತ್ತು ಅನ್ನಾಹಾರದ ಚೂರುಗಳು ಪೈಪಿನಲ್ಲಿ ಕಟ್ಟಿಕೊಂಡು ಬಹುಬೇಗ ಕೊಳೆಯುತ್ತವೆ. ಉಳಿದ ನೀರನ್ನು ತೋಟಕ್ಕೆ ತಿರುಗಿಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಯಾವ ಫಿಲ್ಟರ್ ಕಟ್ಟಬೇಕು ಎಂಬುದು. ನಾನೂ ಅಲ್ಲಿಂದಲೇ ಆರಂಭಿಸಿದ್ದೆ. ಡ್ರಮ್ಮಿನ ತಳದಲ್ಲಿ ಜಲ್ಲಿ, ಅದರ ಮೇಲೆ ಇದ್ದಿಲು, ಎಲ್ಲಕ್ಕೂ ಮೇಲೆ ಮರಳು ಹಾಕಿದ, ನೋಡಲು ಬಹಳ ಶಿಸ್ತಾದ ಒಂದು ಫಿಲ್ಟರ್ ಕಟ್ಟಿದೆ. ಎರಡು ವಾರ ಕಳೆಯುವಷ್ಟರಲ್ಲಿ ಮರಳಿನ ಮೇಲೆ ಸೋಪಿನ ಜಿಡ್ಡು ಮತ್ತು ಬಟ್ಟೆಯ ನೂಲೆಳೆಗಳು ಸೇರಿ ಬೂದು ಬಣ್ಣದ ಕಂಬಳಿಯಂತಹ ಪದರವಾಗಿ ನೀರು ಇಳಿಯುವುದೇ ನಿಂತಿತು. ಅದನ್ನು ಕೆರೆದು ತೆಗೆಯುವ ಕೆಲಸ ಎಷ್ಟು ಅಸಹ್ಯವಾಗಿತ್ತೆಂದರೆ ಮೂರನೆಯ ಬಾರಿಗೆ ಇಡೀ ಡ್ರಮ್ಮನ್ನೇ ಖಾಲಿ ಮಾಡಿದೆ.

ಆಗ ಅರ್ಥವಾದದ್ದು ಇಷ್ಟು. ಮನೆಯಲ್ಲಿ ನಾವು ಕಟ್ಟುವ ಸರಳ ಫಿಲ್ಟರ್ ನೀರನ್ನು ಶುದ್ಧಗೊಳಿಸುವುದಿಲ್ಲ. ಪೈಪು ಕಟ್ಟದಂತೆ ಕೂದಲನ್ನೂ ನೂಲೆಳೆಯನ್ನೂ ತಡೆಯುವುದಷ್ಟೇ ಅದರ ಕೆಲಸ. ನೀರಿನಲ್ಲಿರುವ ಸೋಪು, ಮೈಕೊಳೆ ಮತ್ತು ಸೂಕ್ಷ್ಮಜೀವಿಗಳನ್ನು ಅರಗಿಸಿಕೊಳ್ಳುವುದು ಗಾಳಿಯಾಡುವ ಮೇಲ್ಮಣ್ಣು ಮತ್ತು ಅದರ ಮೇಲಿನ ಕೊಳೆಯುತ್ತಿರುವ ಎಲೆಗಳ ಹೊದಿಕೆ. ಡಿಟರ್ಜೆಂಟಿನ ಉಪ್ಪನ್ನಂತೂ ಜಲ್ಲಿಯೂ ತಡೆಯುವುದಿಲ್ಲ, ಮರಳೂ ತಡೆಯುವುದಿಲ್ಲ, ಇದ್ದಿಲೂ ತಡೆಯುವುದಿಲ್ಲ. ನೀರಿನಲ್ಲಿ ಕರಗಿದ ಸೋಡಿಯಂ ಇವೆಲ್ಲವನ್ನೂ ದಾಟಿ ನೇರವಾಗಿ ಬೇರಿನ ಬಳಿಗೆ ಹೋಗುತ್ತದೆ. ಆದ್ದರಿಂದ ಫಿಲ್ಟರಿನ ವಿಷಯವನ್ನು ಸರಳವಾಗಿ ಮುಗಿಸಿ, ಯಾವ ನೀರನ್ನು ಬಿಡಬೇಕು, ಎಷ್ಟು ಬಿಡಬೇಕು ಮತ್ತು ಎಲ್ಲಿ ಇಂಗಿಸಬೇಕು ಎಂಬುದರ ಮೇಲೆ ಗಮನವಿಡುವುದು ಒಳ್ಳೆಯದು.

ಮೊದಲ ಹೆಜ್ಜೆ: ಮಣ್ಣು ಎಷ್ಟು ಕುಡಿಯುತ್ತದೆ ಎಂದು ಅಳೆಯುವುದು

ಪೈಪು ತರುವ ಮೊದಲು ಒಂದು ಗುಂಡಿ ತೋಡಬೇಕು. ನೀರು ಬಿಡಬೇಕೆಂದಿರುವ ಜಾಗದಲ್ಲಿ 30 ಸೆಂಟಿಮೀಟರ್ ಆಳದ, ಅಷ್ಟೇ ಅಗಲದ ಗುಂಡಿ ಸಾಕು. ಅದನ್ನು ನೀರಿನಿಂದ ತುಂಬಿಸಿ ಪೂರ್ತಿ ಇಂಗಲು ಬಿಡಿ. ಒಣಗಿದ ಮಣ್ಣು ಮೊದಲ ಬಾರಿಗೆ ದಾಹದಿಂದ ಹೀರುವ ವೇಗ ನಮಗೆ ಲೆಕ್ಕಕ್ಕಿಲ್ಲ. ಬಳಿಕ ಮತ್ತೆ ತುಂಬಿಸಿ, ಒಂದು ಕಡ್ಡಿಯನ್ನು ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಂದು ಗಂಟೆಯ ನಂತರ ಮಟ್ಟ ಎಷ್ಟು ಇಳಿದಿದೆ ಎಂದು ನೋಡಿ. ಕೆಲವೇ ಮಿಲಿಮೀಟರ್ ಇಳಿದಿದ್ದರೆ ಅದು ಬಿಗಿ ಜೇಡಿಮಣ್ಣು. ಅಲ್ಲಿ ಸ್ನಾನದ ನೀರನ್ನು ಸ್ವಲ್ಪ ಮಾತ್ರ ಬಿಡಬಹುದು, ಮಷಿನ್ ನೀರಿನ ಆಸೆಯನ್ನು ಬಿಡುವುದೇ ಕ್ಷೇಮ. 20ರಿಂದ 50 ಮಿಲಿಮೀಟರ್ ಇಳಿದರೆ ಕೆಲಸಕ್ಕೆ ಬರುವ ಮಣ್ಣು. ನೋಡನೋಡುತ್ತಿದ್ದಂತೆ ಗುಂಡಿ ಬರಿದಾಗುವ ಮರಳು ನೆಲವಾದರೆ ನೀರು ಸೋಸಿಕೊಳ್ಳುವ ಮೊದಲೇ ಆಳಕ್ಕೆ ಇಳಿದುಹೋಗುತ್ತದೆ, ಆದ್ದರಿಂದ ಬಾವಿ ಅಥವಾ ಮೇಲ್ಮಟ್ಟದ ಅಂತರ್ಜಲ ಹತ್ತಿರವಿರುವ ಕಡೆ ಅಂತಹ ಜಾಗವನ್ನು ಆರಿಸಬಾರದು.

ಗುಂಡಿಯಲ್ಲಿ ನೀರು ತಳದಿಂದ ಮಾತ್ರವಲ್ಲದೆ ಪಕ್ಕದ ಗೋಡೆಗಳಿಂದಲೂ ಇಂಗುವುದರಿಂದ ಈ ಪರೀಕ್ಷೆ ಮಣ್ಣಿನ ಶಕ್ತಿಯನ್ನು ಸ್ವಲ್ಪ ಹೆಚ್ಚಾಗಿಯೇ ತೋರಿಸುತ್ತದೆ. ಅದರ ಮೇಲೆ, ಸೋಪಿನ ನೀರು ಬೀಳುತ್ತಾ ಬೀಳುತ್ತಾ ಮಣ್ಣಿನ ರಂಧ್ರಗಳು ನಿಧಾನವಾಗಿ ಕಟ್ಟಿಕೊಳ್ಳುತ್ತವೆ. ಈ ಎರಡೂ ಕಾರಣಗಳಿಂದ, ಗಂಟೆಗೆ 25 ಮಿಲಿಮೀಟರ್ ಇಂಗಿಸುವ ಮಣ್ಣಿಗೂ ದಿನಕ್ಕೆ ಸರಾಸರಿ 10 ಮಿಲಿಮೀಟರಿಗಿಂತ ಹೆಚ್ಚು ನೀರು ಕೊಡದಿರುವುದು ನಾನು ಪಾಲಿಸುವ ಮಿತಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಹರಡಿದರೆ ಒಂದು ಮಿಲಿಮೀಟರ್ ಆಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಬಾಯಿಲೆಕ್ಕವೇ.

ಎರಡು ನೀರು, ಎರಡು ದಾರಿ

ಸ್ನಾನದ ನೀರನ್ನೂ ಮಷಿನ್ ನೀರನ್ನೂ ಒಂದೇ ಪೈಪಿಗೆ ಸೇರಿಸುವುದು ಸುಲಭವೆಂದು ತೋರುತ್ತದೆ, ಆದರೆ ಅವೆರಡರ ಸ್ವಭಾವ ಬೇರೆ. ಸ್ನಾನದ ನೀರು ತನ್ನ ಪಾಡಿಗೆ ತಾನು ಇಳಿಜಾರಿನಲ್ಲಿ ಹರಿಯುತ್ತದೆ. ಅದರಲ್ಲಿ ಕೂದಲು, ಸೋಪಿನ ಜಿಡ್ಡು ಇರುತ್ತವೆ, ಮೈ ತೊಳೆದ ನೀರಾದ್ದರಿಂದ ಮಲದ ಸೂಕ್ಷ್ಮಜೀವಿಗಳ ಅಂಶವೂ ಸ್ವಲ್ಪ ಇದ್ದೇ ಇರುತ್ತದೆ, ಆದರೆ ಕ್ಷಾರ ಕಡಿಮೆ. ಮಷಿನ್ ನೀರನ್ನು ಪಂಪು ಒತ್ತಡದಿಂದ ಹೊರಗೆ ತಳ್ಳುತ್ತದೆ. ಒಂದೆರಡು ನಿಮಿಷಗಳಲ್ಲಿ ಹದಿನೈದು ಇಪ್ಪತ್ತು ಲೀಟರ್ ಭರ್ರನೆ ಬರುತ್ತದೆ, ನೂಲೆಳೆಗಳಿಂದ ತುಂಬಿರುತ್ತದೆ, ಡಿಟರ್ಜೆಂಟ್ ಪುಡಿ ಬಳಸುವ ಮನೆಯಲ್ಲಿ ಸಾಕಷ್ಟು ಕ್ಷಾರೀಯವಾಗಿರುತ್ತದೆ. ಒಂದಕ್ಕೆ ಹೊಂದುವ ವ್ಯವಸ್ಥೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಮಷಿನ್ ಕಡೆಯಿಂದ ಆರಂಭಿಸೋಣ. ಇಲ್ಲಿ ಬೇಕಾಗಿರುವುದು 100 ಲೀಟರ್ ಸುಮಾರಿನ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡ್ರಮ್. ಇದು ನೀರನ್ನು ಸಂಗ್ರಹಿಸಿಡುವ ತೊಟ್ಟಿಯಲ್ಲ, ರಭಸವನ್ನು ತಗ್ಗಿಸುವ ತಂಗುದಾಣ ಮಾತ್ರ. ಮಷಿನ್ನಿನ ಹೊರಹೋಗುವ ಕೊಳವೆಯ ಬಾಯನ್ನು ತಯಾರಕರು ಹೇಳಿರುವ ಎತ್ತರದಲ್ಲಿ, ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಒಳಗೆ, ಇಡಬೇಕಾಗುತ್ತದೆ. ಅದಕ್ಕಿಂತ ತಗ್ಗಿನಲ್ಲಿಟ್ಟರೆ ಮಷಿನ್ ತುಂಬುತ್ತಿರುವಾಗಲೇ ನೀರು ತಾನಾಗಿ ಸೋರಿಹೋಗುತ್ತದೆ. ಬಹಳ ಎತ್ತರಕ್ಕೇರಿಸಿದರೆ ಪಂಪು ಏದುಸಿರು ಬಿಡುತ್ತದೆ. ಆದ್ದರಿಂದ ಡ್ರಮ್ಮನ್ನು ಗಿಡ್ಡ ಕಟ್ಟೆಯ ಮೇಲೆ, ಅದರ ಬಾಯಿ ಸುಮಾರು 90 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಕೂರಿಸಿ.

ಡ್ರಮ್ಮಿಗೆ ಎರಡು ತೂತು ಕೊರೆಯಬೇಕು. ತಳಕ್ಕೆ ತೀರಾ ಹತ್ತಿರದಲ್ಲಿ, ಒಂದಿಷ್ಟೂ ನೀರು ಉಳಿಯದಂತೆ, 32 ಮಿಲಿಮೀಟರ್ ಪೈಪಿನ ಒಂದು ಹೊರದಾರಿ, ಅದು ತೋಟಕ್ಕೆ. ಬಾಯಿಗಿಂತ ಒಂದು ಗೇಣು ಕೆಳಗೆ 50 ಮಿಲಿಮೀಟರ್ ಪೈಪಿನ ಇನ್ನೊಂದು ದಾರಿ, ಅದು ಒಳಚರಂಡಿಗೆ. ಮೇಲಿನ ಈ ದಾರಿ ಇಲ್ಲದಿದ್ದರೆ, ತೋಟದ ಪೈಪು ಕಟ್ಟಿದ ದಿನ ನೀರು ಡ್ರಮ್ಮಿನ ಬಾಯಿಯಿಂದ ಉಕ್ಕಿ ಮನೆಯೊಳಗೆ ಬರುತ್ತದೆ.

ಸೋಸುವ ವ್ಯವಸ್ಥೆ ಡ್ರಮ್ಮಿನ ಒಳಗೇ ಇರಲಿ. ತಳದಲ್ಲೂ ಪಕ್ಕಗಳಲ್ಲೂ ಬೆರಳು ತೂರುವಷ್ಟು ದೊಡ್ಡ ತೂತುಗಳನ್ನು ಕೊರೆದ ಒಂದು ಬಕೆಟ್ಟನ್ನು ಡ್ರಮ್ಮಿನ ಬಾಯಿಗೆ ತೂಗುಹಾಕಿ, ಅದರೊಳಗೆ ನೈಲಾನ್ ಬಲೆಯ ಒಂದು ಚೀಲವನ್ನು ತೊಡಿಸಿದರೆ ಸಾಕು. ಬಲೆಯ ಕಣ್ಣು ಸೊಳ್ಳೆಪರದೆಯಷ್ಟು ಸಣ್ಣದಿದ್ದರೆ ನೂಲೆಳೆಯ ಬಹುಪಾಲು ಅಲ್ಲೇ ನಿಲ್ಲುತ್ತದೆ. ಬಟ್ಟೆಯ ಚೀಲ ಇನ್ನೂ ಚೆನ್ನಾಗಿ ಸೋಸುತ್ತದೆ, ಆದರೆ ಎರಡೇ ಒಗೆತಕ್ಕೆ ಕಟ್ಟಿಕೊಳ್ಳುತ್ತದೆ. ಮಷಿನ್ ಕೊಳವೆಯ ಬಾಯಿ ಈ ಬಕೆಟ್ಟಿನ ಮೇಲೆ ಗಾಳಿಯಲ್ಲಿ ನಿಲ್ಲಬೇಕು, ನೀರಿನಲ್ಲಿ ಮುಳುಗಬಾರದು. ಕೊಳವೆಯ ತುದಿಗೇ ಚೀಲವನ್ನೋ ಕಾಲುಚೀಲವನ್ನೋ ಬಿಗಿಯಾಗಿ ಕಟ್ಟುವ ಅಭ್ಯಾಸ ಹಲವರಿಗಿದೆ. ಚೀಲ ಕಟ್ಟಿಕೊಂಡಾಗ ಪಂಪಿನ ಮೇಲೆ ಹಿಂದೊತ್ತಡ ಬೀಳುತ್ತದೆ, ಬಟ್ಟೆಯಲ್ಲಿ ನೀರು ಉಳಿಯುತ್ತದೆ, ಕೊನೆಗೆ ಪಂಪು ಸುಡುತ್ತದೆ. ತೂಗುಬಕೆಟ್ಟಿನಲ್ಲಾದರೆ ಚೀಲ ಕಟ್ಟಿದರೂ ನೀರು ಬಕೆಟ್ಟಿನ ಅಂಚನ್ನು ದಾಟಿ ಡ್ರಮ್ಮಿಗೆ ಬೀಳುತ್ತದೆ. ಆ ಉಕ್ಕುವಿಕೆಯೇ ಚೀಲ ಬದಲಿಸಬೇಕೆಂಬ ಸೂಚನೆ.

ನೀರನ್ನು ಒಳಚರಂಡಿಗೆ ತಿರುಗಿಸಲು ಇಲ್ಲಿ ವಾಲ್ವೇ ಬೇಡ. ಮಷಿನ್ ಕೊಳವೆಯನ್ನು ಡ್ರಮ್ಮಿನಿಂದ ಎತ್ತಿ ಮೊದಲಿದ್ದ ಜಾಗಕ್ಕೆ ಸಿಕ್ಕಿಸಿದರೆ ಆಯಿತು. ಈ ಸರಳತೆಯಿಂದ ಇನ್ನೊಂದು ಲಾಭವೂ ಇದೆ. ಒಂದು ಒಗೆತದಲ್ಲಿ ಮೊದಲು ಹೊರಬರುವುದು ಡಿಟರ್ಜೆಂಟ್ ತುಂಬಿದ ನೀರು. ಆಮೇಲಿನವು ಜಾಲಾಡಿಸಿದ ನೀರು. ಮೊದಲ ನೀರನ್ನು ಚರಂಡಿಗೆ ಬಿಟ್ಟು, ಜಾಲಾಡಿಸುವ ಹಂತ ಬಂದಾಗ ಕೊಳವೆಯನ್ನು ಡ್ರಮ್ಮಿಗೆ ಸರಿಸಿದರೆ ಉಪ್ಪಿನ ಹೆಚ್ಚಿನ ಪಾಲು ತೋಟ ತಲಪುವುದಿಲ್ಲ. ಪ್ರತಿ ಬಾರಿಯೂ ಎದ್ದುಹೋಗಿ ಸರಿಸುವುದು ಬೇಸರದ ಕೆಲಸವೆಂಬುದು ನಿಜ, ಆದರೆ ಜೇಡಿ ಬೆರೆತ ನೆಲದಲ್ಲಿ ಇದರಷ್ಟು ಪರಿಣಾಮಕಾರಿಯಾದ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಸ್ನಾನದ ಮನೆಯ ನೀರಿಗೆ ಡ್ರಮ್ ಬೇಡ. ಅಲ್ಲಿ ನೋಡಬೇಕಾದ ಮುಖ್ಯ ಸಂಗತಿ, ಸ್ನಾನದ ಪೈಪು ಶೌಚದ ಪೈಪನ್ನು ಎಲ್ಲಿ ಕೂಡುತ್ತದೆ ಎಂಬುದು. ಆ ಕೂಡುವ ಜಾಗಕ್ಕಿಂತ ಮೊದಲು, ಪೈಪು ಗೋಡೆಯ ಹೊರಗೆ ಕೈಗೆ ಸಿಗುವಂತಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ. ಎರಡೂ ನೆಲದ ಅಡಿಯಲ್ಲೇ ಕೂಡಿಕೊಂಡಿದ್ದರೆ ಮಷಿನ್ ನೀರಿನಲ್ಲೇ ತೃಪ್ತಿಪಡಬೇಕು. ಸಿಗುವ ಜಾಗದಲ್ಲಿ ಮೂರು ದಾರಿಯ ಒಂದು ವಾಲ್ವನ್ನು ಕೂರಿಸಿ, ಒಂದು ದಾರಿ ಚರಂಡಿಗೆ, ಇನ್ನೊಂದು ತೋಟಕ್ಕೆ ಎಂದು ಬಣ್ಣದಲ್ಲಿ ಗುರುತು ಬರೆಯಿರಿ. ಎರಡು ಬಿಡಿ ವಾಲ್ವ್‌ಗಳಿಂದಲೂ ಇದನ್ನು ಮಾಡಬಹುದಲ್ಲವೇ ಎಂದು ಪ್ಲಂಬರ್ ಕೇಳುತ್ತಾರೆ. ಎರಡನ್ನೂ ಯಾರಾದರೂ ಮುಚ್ಚಿದ ದಿನ ಸ್ನಾನದ ಮನೆಯಲ್ಲಿ ನೀರು ಹಿಂದಕ್ಕೆ ಉಕ್ಕುತ್ತದೆ. ಮೂರು ದಾರಿಯ ವಾಲ್ವಿನಲ್ಲಿ ಒಂದು ದಾರಿ ಯಾವಾಗಲೂ ತೆರೆದಿರುತ್ತದೆ. ದುರ್ವಾಸನೆ ಒಳಬಾರದಂತೆ ತಡೆಯುವ ನೀರುಗಟ್ಟಿದ ಬಾಗುಪೈಪನ್ನು ಮಾತ್ರ ಅಲ್ಲಾಡಿಸಬಾರದು. ವಾಲ್ವು ಅದರ ನಂತರವೇ ಬರಬೇಕು. ಕೂದಲು ತಡೆಯಲು ಸ್ನಾನದ ಮನೆಯ ನೆಲದ ಜರಡಿಯ ಕೆಳಗೆ ಸಣ್ಣ ಕಣ್ಣಿನ ಒಂದು ಬಲೆಬಟ್ಟಲು ಸಾಕು.

ವಾಲ್ವಿನಿಂದ ತೋಟದವರೆಗೆ ಪೈಪು ಪ್ರತಿ ಮೀಟರಿಗೆ 2 ಸೆಂಟಿಮೀಟರಿನಂತೆ ಇಳಿಯುತ್ತಲೇ ಹೋಗಬೇಕು. 10 ಮೀಟರ್ ದೂರಕ್ಕೆ 20 ಸೆಂಟಿಮೀಟರ್ ಇಳಿಜಾರು ಬೇಕಾಗುವುದರಿಂದ, ಸ್ನಾನದ ಪೈಪು ತೋಟದ ನೆಲಕ್ಕಿಂತ ಅಷ್ಟಾದರೂ ಎತ್ತರದಲ್ಲಿ ಹೊರಬರುತ್ತದೆಯೇ ಎಂದು ಮೊದಲೇ ಅಳೆದು ನೋಡಿ. ನಡುವೆ ಎಲ್ಲಾದರೂ ಹೊಟ್ಟೆ ಬಿಟ್ಟ ಭಾಗವಿದ್ದರೆ ಅಲ್ಲಿ ನೀರು ನಿಂತು ಕೊಳೆತು, ಮುಂದಿನ ಸ್ನಾನದ ನೀರಿನೊಂದಿಗೆ ಆ ವಾಸನೆಯೆಲ್ಲ ತೋಟಕ್ಕೆ ಬರುತ್ತದೆ.

ಪಾತಿ: ನಿಜವಾದ ಫಿಲ್ಟರ್

ಗಿಡದ ಬುಡವನ್ನು ಬಿಟ್ಟು, ಕೊಂಬೆಗಳ ಅಂಚಿನ ನೆರಳು ಬೀಳುವ ಸುತ್ತಳತೆಯ ಆಸುಪಾಸಿನಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಪಾತಿ ತೆಗೆಯಿರಿ. ನೀರು ಹೀರುವ ಎಳೆ ಬೇರುಗಳಿರುವುದು ಅಲ್ಲಿಯೇ. ಕಾಂಡಕ್ಕೆ ಸದಾ ಸೋಪಿನ ಒದ್ದೆ ತಗಲುತ್ತಿದ್ದರೆ ಬುಡ ಕೊಳೆಯುತ್ತದೆ. ತೋಡಿದ ಪಾತಿಯನ್ನು ಮರದ ಚಕ್ಕೆ, ತೆಂಗಿನ ಮಟ್ಟೆ, ಒಣಕಡ್ಡಿ, ತರಗೆಲೆಗಳಂತಹ ಒರಟು ಹೊದಿಕೆಯಿಂದ ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರದವರೆಗೆ ತುಂಬಿಸಿ. ಮರದ ಹೊಟ್ಟಿನಂತಹ ನುಣುಪಾದ ಪುಡಿ ಬೇಡ, ಅದು ನೀರು ಕುಡಿದು ಮುದ್ದೆಯಾಗಿ ಗಾಳಿಯಾಡದಂತೆ ಮಾಡುತ್ತದೆ. ಒರಟು ಹೊದಿಕೆಯ ಸಂದುಗಳಲ್ಲಿ ಗಾಳಿಯಿರುವುದರಿಂದಲೇ ಅಲ್ಲಿನ ಸೂಕ್ಷ್ಮಜೀವಿಗಳು ವಾಸನೆಯಿಲ್ಲದಂತೆ ಕೊಳೆಯನ್ನು ತಿನ್ನುತ್ತವೆ.

ಪೈಪಿನ ಬಾಯಿಯನ್ನು ಹೊದಿಕೆಯೊಳಗೆ ನೇರವಾಗಿ ಹೂತರೆ ಕೆಲವೇ ತಿಂಗಳಲ್ಲಿ ಬೇರುಗಳು ಅದರೊಳಕ್ಕೆ ನುಗ್ಗುತ್ತವೆ. ಬಾಯನ್ನು ಬಯಲಿಗೆ ಬಿಟ್ಟರೆ ನೀರು ಮನುಷ್ಯರ, ಸಾಕುಪ್ರಾಣಿಗಳ ಕಾಲಿಗೆ ತಗಲುತ್ತದೆ. ನನಗೆ ಹಿಡಿಸಿದ ಉಪಾಯ ಇದು: ತಳ ಒಡೆದ ಒಂದು ಮಣ್ಣಿನ ಹೂಕುಂಡವನ್ನು ಪಾತಿಯಲ್ಲಿ ಬೋರಲಾಗಿ ಇಟ್ಟು, ಮೇಲೆ ಬಂದ ಆ ತಳದ ತೂತಿನಿಂದ ಪೈಪಿನ ತುದಿಯನ್ನು ಒಳಗಿಳಿಸಿ, ಕುಂಡದ ಒಳಗೆ ನೀರು ಒಂದು ಗೇಣಿನಷ್ಟು ಗಾಳಿಯಲ್ಲಿ ಬಿದ್ದು ಹೊದಿಕೆಗೆ ಇಳಿಯುವಂತೆ ಮಾಡುವುದು. ಕುಂಡದ ಸುತ್ತ ಹೊದಿಕೆ ಏರಿಸಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆಗಾಗ ಕುಂಡವನ್ನು ಎತ್ತಿ ನೋಡಿ. ಕೆಳಗೆ ಕಂದು ಬಣ್ಣದ, ಕಾಡಿನ ನೆಲದ ವಾಸನೆಯ, ಎರೆಹುಳು ಓಡಾಡುವ ಒದ್ದೆ ಪದರ ಕಂಡರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಕಪ್ಪಾಗಿ, ಲೋಳೆಯಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಪಾತಿಗೆ ಉಸಿರುಕಟ್ಟಿದೆ. ಕೆಲವು ದಿನ ನೀರು ನಿಲ್ಲಿಸಿ, ಹೊದಿಕೆಯನ್ನು ಕೆದಕಿ ಒಣಗಿಸಬೇಕು.

ಯಾವ ಗಿಡಗಳಿಗೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಎತ್ತರದಲ್ಲಿ ಹಣ್ಣು ಬಿಡುವ ಮರಗಳು, ಬಾಳೆ, ಕಾನಾ, ನೆರಳಿನ ಮರಗಳು, ಬೇಲಿಗಿಡಗಳು ಆಗಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಮಣ್ಣಿನೊಳಗೆ ಬೆಳೆಯುವ ಗೆಡ್ಡೆಗಳು, ನೆಲಕ್ಕೆ ತಾಗುವ ಕಾಯಿಗಳಿಗೆ ಈ ನೀರು ಕೂಡದು. ಹುಳಿಮಣ್ಣನ್ನು ಬಯಸುವ ಜರೀಗಿಡ, ಗಾರ್ಡೇನಿಯಾದಂತಹವು ಕ್ಷಾರಕ್ಕೆ ಬಾಡುತ್ತವೆ. ಕುಂಡದ ಗಿಡಗಳಲ್ಲಿ ಉಪ್ಪು ತೊಳೆದುಹೋಗಲು ಜಾಗವಿಲ್ಲದಿರುವುದರಿಂದ ಅವನ್ನೂ ಬಿಟ್ಟುಬಿಡಿ.

ಒಂದು ಮನೆಯ ಲೆಕ್ಕ

ನಾಲ್ಕು ಜನರ ಮನೆಯೊಂದನ್ನು ತೆಗೆದುಕೊಳ್ಳೋಣ. ಒಬ್ಬರ ಸ್ನಾನಕ್ಕೆ 40 ಲೀಟರ್ ಎಂದರೆ ದಿನಕ್ಕೆ 160 ಲೀಟರ್. ಮುಂದಿನಿಂದ ಬಟ್ಟೆ ಹಾಕುವ ಮಷಿನ್ ಒಂದು ಒಗೆತಕ್ಕೆ ಸುಮಾರು 60 ಲೀಟರ್ ಬಳಸುತ್ತದೆ ಎಂದುಕೊಂಡರೆ, ಅದರಲ್ಲಿ ಮೊದಲ 20 ಲೀಟರ್ ಚರಂಡಿಗೆ ಹೋಗಿ 40 ಲೀಟರ್ ತೋಟಕ್ಕೆ ಸಿಗುತ್ತದೆ; ವಾರಕ್ಕೆ ನಾಲ್ಕು ಒಗೆತ. ಮಣ್ಣಿನ ಪರೀಕ್ಷೆಯಲ್ಲಿ ಗಂಟೆಗೆ 25 ಮಿಲಿಮೀಟರ್ ಇಳಿದಿದೆ, ಆದ್ದರಿಂದ ನಮ್ಮ ಮಿತಿ ದಿನಕ್ಕೆ 10 ಮಿಲಿಮೀಟರ್.

160 ಲೀಟರನ್ನು 10ರಿಂದ ಭಾಗಿಸಿದರೆ ಸ್ನಾನದ ನೀರಿಗೆ 16 ಚದರ ಮೀಟರ್ ಪಾತಿ ಬೇಕಾಗುತ್ತದೆ, ಅಂದರೆ 4 ಚದರ ಮೀಟರಿನ ನಾಲ್ಕು ಪಾತಿಗಳು. ನಾಲ್ಕಕ್ಕೂ ಪೈಪನ್ನು ಕವಲೊಡೆಸಿದರೆ ನೀರು ಸಮಪಾಲಾಗುತ್ತದೆ ಎಂದು ನಂಬಬೇಡಿ. ಇಳಿಜಾರಿನಲ್ಲಿ ಹರಿಯುವ ನೀರು ಕೂದಲೆಳೆಯಷ್ಟು ತಗ್ಗಾಗಿರುವ ಕವಲಿಗೇ ಬಹುಪಾಲು ಹೋಗುತ್ತದೆ, ಒಂದು ಗಿಡ ಜೌಗಿನಲ್ಲಿ ನಿಂತರೆ ಇನ್ನೊಂದು ಒಣಗುತ್ತದೆ. ಅದರ ಬದಲು ಒಂದೇ ಮೆದುಪೈಪನ್ನು ಇಟ್ಟುಕೊಂಡು ದಿನಕ್ಕೊಂದು ಪಾತಿಯಂತೆ ಸರದಿಯಲ್ಲಿ ಬದಲಿಸಿ. ಆಗ ಒಂದು ಪಾತಿಗೆ ಒಂದು ದಿನ 160 ಲೀಟರ್, ಅಂದರೆ 40 ಮಿಲಿಮೀಟರ್ ಬೀಳುತ್ತದೆ. ಸ್ನಾನಗಳೆಲ್ಲ ಒಂದರ ಹಿಂದೊಂದು ನಡೆದರೂ ಹೆಚ್ಚೆಂದರೆ ಎರಡು ಗಂಟೆಯಲ್ಲಿ ಇಂಗುತ್ತದೆ. ಮುಂದಿನ ಮೂರು ದಿನ ಆ ಪಾತಿಗೆ ಬಿಡುವು. ಸರಾಸರಿ ಅದೇ 10 ಮಿಲಿಮೀಟರ್ ಆದರೂ, ನಡುವಿನ ಬಿಡುವಿನಲ್ಲಿ ಮಣ್ಣಿಗೆ ಗಾಳಿ ಹೊಕ್ಕು ಕೊಳೆ ಅರಗಲು ಸಮಯ ಸಿಗುತ್ತದೆ.

ಮಷಿನ್ ನೀರಿಗೆ ಅಷ್ಟೇ ಅಳತೆಯ ಬೇರೆ ಎರಡು ಪಾತಿಗಳು, ಒಗೆತಕ್ಕೊಂದರಂತೆ ಸರದಿ. 40 ಲೀಟರ್ 4 ಚದರ ಮೀಟರಿಗೆ ಹರಡಿದರೆ ಸರಿಯಾಗಿ 10 ಮಿಲಿಮೀಟರ್. ಒಂದೇ ದಿನ ಎರಡು ಮೂರು ಒಗೆತ ಹಾಕುವ ಮನೆಯಾದರೆ ಎರಡನೆಯದಕ್ಕೆ ಇನ್ನೊಂದು ಪಾತಿ, ಮೂರನೆಯದು ಚರಂಡಿಗೆ. ಬಿಸಿಲಿನ ದಿನಗಳಲ್ಲಿ ಗಿಡಗಳು ತಮ್ಮ ನೆರಳಿನ ವಿಸ್ತಾರಕ್ಕೆ ದಿನಕ್ಕೆ ಸುಮಾರು 4ರಿಂದ 5 ಮಿಲಿಮೀಟರ್ ನೀರನ್ನು ಬಳಸುತ್ತವೆ; ಪಾತಿಗಿಂತ ಗಿಡದ ನೆರಳು ಅಗಲವಾಗಿರುವುದರಿಂದ ಪಾತಿಯ 10 ಮಿಲಿಮೀಟರ್ ಅತಿಯಾಗುವುದಿಲ್ಲ. ಮಳೆ ಹಿಡಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ನೆಲ ತೊಯ್ದು ನಿಂತಿರುವಷ್ಟು ದಿನ ವಾಲ್ವನ್ನು ಚರಂಡಿಗೆ ತಿರುಗಿಸಿ, ಮಳೆಯೇ ಪಾತಿಯ ಉಪ್ಪನ್ನು ತೊಳೆಯಲಿ.

ಡಿಟರ್ಜೆಂಟ್ ಮತ್ತು ಮಣ್ಣಿನ ಮುದ್ದೆಯ ಪರೀಕ್ಷೆ

ಬಟ್ಟೆ ಪುಡಿಯಲ್ಲಿ ಬಟ್ಟೆ ತೊಳೆಯುವ ಅಂಶವಷ್ಟೇ ಅಲ್ಲದೆ ಭರ್ತಿಗಾಗಿ ಸೋಡಿಯಂ ಸಲ್ಫೇಟ್, ಕ್ಷಾರಕ್ಕಾಗಿ ಸೋಡಿಯಂ ಕಾರ್ಬೊನೇಟ್ ಕೂಡ ಹಾಕುವುದುಂಟು. ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡಿರುವ ಕ್ಯಾಲ್ಸಿಯಂ ಅನ್ನು ಹೊರದೂಡಿ ತಾನು ಆ ಜಾಗದಲ್ಲಿ ಕೂರುತ್ತದೆ. ಆಗ ಗುಂಪಾಗಿದ್ದ ಕಣಗಳು ಬಿಡಿಬಿಡಿಯಾಗಿ ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಒದ್ದೆಯಾದಾಗ ಜಾರುವ, ಒಣಗಿದಾಗ ಇಟ್ಟಿಗೆಯಂತೆ ಬಿಗಿಯುವ ನೆಲ ಉಳಿಯುತ್ತದೆ. ದ್ರವ ಡಿಟರ್ಜೆಂಟುಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಕಡಿಮೆ, ಆದ್ದರಿಂದ ತೋಟಕ್ಕೆ ನೀರು ಬಿಡುವ ಮನೆಗೆ ಅವೇ ವಾಸಿ. ಬೋರಾಕ್ಸ್ ಇರುವುದನ್ನು ಬಿಡಿ, ಏಕೆಂದರೆ ಬೋರಾನ್ ತೀರಾ ಅಲ್ಪ ಪ್ರಮಾಣದಲ್ಲಿ ಗಿಡಕ್ಕೆ ಬೇಕು, ಸ್ವಲ್ಪ ಹೆಚ್ಚಾದರೂ ನಂಜು. ಕ್ಲೋರಿನ್ ಬ್ಲೀಚ್ ಹಾಕಿದ ಒಗೆತ, ಹೊಸ ಬಟ್ಟೆಯ ಬಣ್ಣ ಬಿಡುವ ಒಗೆತ, ಕೂದಲಿಗೆ ಬಣ್ಣ ಹಚ್ಚಿ ತೊಳೆದ ನೀರು, ಸ್ನಾನದ ಮನೆ ತೊಳೆಯುವ ಆಮ್ಲ ಅಥವಾ ಫಿನಾಯಿಲಿನ ನೀರು ಇವೆಲ್ಲ ಚರಂಡಿಗೇ ಹೋಗಬೇಕು.

ಮಣ್ಣು ಕೆಡುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಪಾತಿಯ ತಳದಿಂದ ಕಡಲೆಕಾಳಿನ ಗಾತ್ರದ ಎರಡು ಮೂರು ಮಣ್ಣಿನ ಹೆಂಟೆಗಳನ್ನು ಆರಿಸಿ ನೆರಳಿನಲ್ಲಿ ಒಣಗಿಸಿ. ಅಷ್ಟೇ ಗಾತ್ರದ ಹೆಂಟೆಗಳನ್ನು ಈ ನೀರು ಎಂದೂ ಬೀಳದ ಜಾಗದಿಂದಲೂ ತನ್ನಿ. ಎರಡು ಗಾಜಿನ ಲೋಟಗಳಲ್ಲಿ ಮಳೆನೀರನ್ನೋ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೋ ತೆಗೆದುಕೊಂಡು, ಹೆಂಟೆಗಳನ್ನು ಮೆಲ್ಲಗೆ ತಳಕ್ಕೆ ಇಳಿಸಿ, ಅಲ್ಲಾಡಿಸದೆ ಬಿಡಿ. ನಲ್ಲಿಯ ನೀರು ಆಗದು, ಅದರಲ್ಲಿರುವ ಲವಣಗಳೇ ಫಲಿತಾಂಶವನ್ನು ಮರೆಮಾಚುತ್ತವೆ. ಎರಡು ಗಂಟೆ ಬಿಟ್ಟು ಒಮ್ಮೆ, ಮರುದಿನ ಇನ್ನೊಮ್ಮೆ ನೋಡಿ. ಹೆಂಟೆ ಕುಸಿದು ಪುಡಿಗುಪ್ಪೆಯಾಗಿ, ನೀರು ಮಾತ್ರ ತಿಳಿಯಾಗಿದ್ದರೆ ಚಿಂತೆಯಿಲ್ಲ. ಒಣಮಣ್ಣು ನೀರಿನಲ್ಲಿ ಒಡೆಯುವುದು ಸಹಜ. ಹೆಂಟೆಯ ಸುತ್ತ ಹಾಲು ಚೆಲ್ಲಿದಂತೆ ಮಬ್ಬಾದ ಪ್ರಭೆಯೊಂದು ಹರಡಿ ಲೋಟದ ತಳವನ್ನು ಮುಸುಕಿದ್ದರೆ ಕಣಗಳು ಚದುರುತ್ತಿವೆ, ಸೋಡಿಯಂ ಏರಿದೆ. ಎರಡೂ ಲೋಟಗಳಲ್ಲಿ ಒಂದೇ ತೆರನಾಗಿ ಮಬ್ಬಿದ್ದರೆ ಆ ನೆಲದ ಮೂಲಗುಣವೇ ಹಾಗೆ, ಅಂತಹ ಕಡೆ ಮಷಿನ್ ನೀರು ಬೇಡ. ಪಾತಿಯ ಲೋಟದಲ್ಲಿ ಮಾತ್ರ ಮಬ್ಬಿದ್ದರೆ ಮಷಿನ್ ನೀರನ್ನು ನಿಲ್ಲಿಸಿ, ಚದರ ಮೀಟರಿಗೆ 200ರಿಂದ 300 ಗ್ರಾಂ ಜಿಪ್ಸಂ ಹರಡಿ ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಿ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸಿದರೂ, ಬಿಟ್ಟ ಸೋಡಿಯಂ ಅನ್ನು ಬೇರಿನ ಕೆಳಕ್ಕೆ ತೊಳೆದೊಯ್ಯುವುದು ನೀರೇ. ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿದರೆ ಎಲೆಯ ಅಂಚು ಸುಡುವ ಮೊದಲೇ ವಿಷಯ ತಿಳಿಯುತ್ತದೆ.

ಕೈ, ಕಾಲು, ಸೊಳ್ಳೆ

ಬೂದು ನೀರನ್ನು ತೊಟ್ಟಿಯಲ್ಲಿ ತುಂಬಿಸಿ ನಾಳೆಗೆ, ನಾಡಿದ್ದಿಗೆ ಇಡುವುದು ಈ ಇಡೀ ವಿಷಯದಲ್ಲಿ ಅತ್ಯಂತ ಕೆಟ್ಟ ಅಭ್ಯಾಸ. 24 ಗಂಟೆ ಮೀರಿದರೆ ಅದರಲ್ಲಿನ ಆಮ್ಲಜನಕ ಮುಗಿದು, ಸೂಕ್ಷ್ಮಜೀವಿಗಳು ಹೆಚ್ಚಿ, ನೀರು ಚರಂಡಿಯ ನೀರಿಗೆ ಸಮನಾಗುತ್ತದೆ. ಡ್ರಮ್ಮಿನ ಹೊರದಾರಿಯನ್ನು ತಳದಲ್ಲೇ ಇಡಲು ಹೇಳಿದ್ದು ಇದಕ್ಕಾಗಿ. ಪಾತಿಯ ಮೇಲೆ ನೀರು ನಿಂತರೆ ವಾರ ಹತ್ತು ದಿನಗಳಲ್ಲಿ ಸೊಳ್ಳೆ ಹುಟ್ಟುತ್ತದೆ. ಕಣ್ಣಿಗೆ ಕಾಣುವ ನೀರು ಮರುದಿನದವರೆಗೂ ಉಳಿದರೆ ಆ ಪಾತಿ ಸರದಿಯಿಂದ ಹೊರಗೆ.

ಈ ನೀರನ್ನು ಸ್ಪ್ರಿಂಕ್ಲರಿನಿಂದ ಚಿಮ್ಮಿಸಬಾರದು, ಕೈಪೈಪಿನಿಂದ ಎಲೆಗಳ ಮೇಲೆ ಎರಚಬಾರದು. ಸಣ್ಣ ಹನಿಗಳು ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ಹನಿ ನೀರಾವರಿಯ ಸಣ್ಣ ರಂಧ್ರಗಳಿಗೂ ಇದನ್ನು ಜೋಡಿಸಬೇಡಿ, ಅವು ತಿಂಗಳೊಳಗೆ ಲೋಳೆಯಿಂದ ಕಟ್ಟುತ್ತವೆ. ಮಗುವಿನ ಮಲ ತಗಲಿದ ಬಟ್ಟೆ ಒಗೆಯುವಾಗ, ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಅಥವಾ ಸೋಂಕಿನ ಜ್ವರ ಇರುವಾಗ ಎಲ್ಲ ನೀರೂ ಚರಂಡಿಗೆ ಹೋಗಲಿ. ಕುಡಿಯುವ ನೀರಿನ ಪೈಪಿಗೂ ಇದಕ್ಕೂ ಯಾವ ಜೋಡಣೆಯೂ ಇರಕೂಡದು, ವಾಲ್ವ್ ಹಾಕಿ ಮುಚ್ಚಿಟ್ಟ ಜೋಡಣೆಯೂ ಕೂಡದು. ಹಲವು ಊರುಗಳ ಆಡಳಿತಗಳಲ್ಲಿ ಬೂದು ನೀರಿನ ಬಳಕೆಗೆ ತಮ್ಮದೇ ನಿಯಮಗಳಿರುವುದರಿಂದ, ಚರಂಡಿಯ ಪೈಪನ್ನು ಕತ್ತರಿಸುವ ಮೊದಲು ಅದನ್ನೂ ವಿಚಾರಿಸಿಕೊಳ್ಳಿ.

ಬಲೆಚೀಲವನ್ನು ಒದ್ದೆಯಲ್ಲಿ ಉಜ್ಜುತ್ತಾ ಕೂರುವುದಕ್ಕಿಂತ, ಎರಡು ಚೀಲಗಳನ್ನು ಇಟ್ಟುಕೊಂಡು ಒಂದನ್ನು ಬಿಸಿಲಿಗೆ ಹಾಕುವುದು ಸುಲಭ. ಚೆನ್ನಾಗಿ ಒಣಗಿದ ನೂಲೆಳೆ ಒಂದು ತೆಳುವಾದ ಹಾಳೆಯಂತೆ ಇಡಿಯಾಗಿ ಸುಲಿದು ಬರುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅದರಲ್ಲಿ ಪಾಲಿಯೆಸ್ಟರ್ ಎಳೆಗಳು ಇರುವುದರಿಂದ ಕಸಕ್ಕೇ ಹೋಗಬೇಕು. ಈ ಕೆಲಸಗಳಿಗೆ ಒಂದು ಜೊತೆ ರಬ್ಬರ್ ಕೈಗವಸನ್ನು ಡ್ರಮ್ಮಿನ ಪಕ್ಕದಲ್ಲೇ ತೂಗುಹಾಕಿ, ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಪಾತಿಯ ಹೊದಿಕೆ ಆರು ತಿಂಗಳಿಂದ ವರ್ಷದೊಳಗೆ ಕುಸಿದು ಮಣ್ಣಾಗುತ್ತದೆ. ಆಗ ಮೇಲೆ ಹೊಸದನ್ನು ತುಂಬಿಸಿದರೆ ಸಾಕು. ತಳದಲ್ಲಿ ಕಪ್ಪು ಕೆಸರು ಸೇರಿ ಇಂಗುವುದು ನಿಧಾನವಾಗಿದ್ದರೆ ಮಾತ್ರ ಆ ಪಾತಿಗೆ ಎರಡು ವಾರ ರಜೆ ಕೊಟ್ಟು, ಒಣಗಿದ ಕೆಸರನ್ನು ಗುದ್ದಲಿಯಿಂದ ತೆಗೆದು, ತರಕಾರಿ ಮಡಿಯಿಂದ ದೂರದಲ್ಲಿ ಯಾವುದಾದರೂ ನೆರಳಿನ ಮರದ ಅಡಿಯಲ್ಲಿ ಹೂತುಬಿಡಿ.